ಫೈಲ್ ಸಾರಾಂಶದಲ್ಲಿ ಒಂದು ತಾರೀಖು ತಪ್ಪಾದ್ರೆ ಏನಾಗತ್ತೆ?

(ಪ್ಯಾರಾಲೀಗಲ್ ತರಬೇತಿ ಪಡೀತಿರೋರಿಗೆ ಮಾಡಿದ ಮಾತಿನ ಬರಹರೂಪ)

ಮೊದಲೇ ಹೇಳಿಬಿಡ್ತೀನಿ, ನಾನು ವಕಾಲತ್ತು ಓದಿಲ್ಲ, ಬಿ.ಕಾಂ. ಮಾಡಿರೋದು. ಪಾಡ್‌ಕಾಸ್ಟ್ ಶುರು ಮಾಡೋಕೆ ಮುಂಚೆ ಒಂದು ವಕೀಲರ ಆಫೀಸಲ್ಲಿ ಎರಡು ವರ್ಷ ಫೈಲ್ ಓದಿ ಸಾರಾಂಶ ಬರೆಯೋ ಕೆಲಸ ಮಾಡ್ತಿದ್ದೆ. ಅಲ್ಲಿ ಹೆಚ್ಚು ನೋಡಿದ್ದು ಚೆಕ್ ಬೌನ್ಸ್ ಫೈಲ್‌ಗಳು. ಹಾಗಾಗಿ ಇವತ್ತು ಒಂದೇ ಒಂದು ಚೆಕ್ ಬೌನ್ಸ್ ಫೈಲ್ ಇಟ್ಕೊಂಡು ಮಾತಾಡೋಣ. ಫೈಲ್ ನಿಜವಾದದ್ದಲ್ಲ, ನಿಮಗೋಸ್ಕರ ನಾನೇ ಕಟ್ಟಿದ್ದು. ಆದ್ರೆ ಅದರಲ್ಲಿರೋ ತಪ್ಪುಗಳೆಲ್ಲ ದಿನಾ ಆಗೋವೇ.

ಕಥೆ ಇಷ್ಟೇ. ಒಂದು ಹಾರ್ಡ್‌ವೇರ್ ಅಂಗಡಿಯವರು ಒಬ್ಬ ಕಂಟ್ರಾಕ್ಟರ್‌ಗೆ ಸಿಮೆಂಟು, ಕಬ್ಬಿಣ ಉದ್ರಿ ಕೊಟ್ಟಿದ್ದಾರೆ. ಒಟ್ಟು ಬಿಲ್ಲು ₹2,10,000. ಕಂಟ್ರಾಕ್ಟರ್ ₹1,85,000ಕ್ಕೆ ಚೆಕ್ ಕೊಟ್ಟಿದ್ದಾರೆ, ಚೆಕ್ ಮೇಲಿನ ತಾರೀಖು 12 ಮಾರ್ಚ್ 2025. ಅಂಗಡಿಯವರು ಅದನ್ನ ಮೇ 20ಕ್ಕೆ ಬ್ಯಾಂಕಿಗೆ ಹಾಕಿದ್ರು, ಚೆಕ್ ವಾಪಸ್ ಬಂತು. ಮೂರು ತಿಂಗಳೊಳಗೆ ಹಾಕಿದ್ದಾರೆ, ಹಾಗಾಗಿ ಅಲ್ಲಿ ತೊಂದರೆ ಇಲ್ಲ. ಈಗ ಅವರು ಒಂದು ಪ್ಲಾಸ್ಟಿಕ್ ಕವರ್ ತುಂಬ ಕಾಗದ ಹಿಡ್ಕೊಂಡು ಆಫೀಸಿಗೆ ಬಂದಿದ್ದಾರೆ. ಆ ಕವರ್ ನಿಮ್ಮ ಟೇಬಲ್ ಮೇಲೆ ಬೀಳತ್ತೆ.

ಈ ಹಂತದಲ್ಲಿ ಎಲ್ಲರೂ ಮಾಡೋ ಮೊದಲ ತಪ್ಪು ದುಡ್ಡಿನ ಅಂಕಿದು. ಕಕ್ಷಿದಾರರ ಬಾಯಲ್ಲಿ ಬರೋದು "ಎರಡು ಲಕ್ಷ ಹತ್ತು ಸಾವಿರ ಬರಬೇಕು ಸಾರ್" ಅಂತ. ಅದು ಕಿವಿಯಲ್ಲಿ ಕೂತಿರತ್ತೆ. ಸಾರಾಂಶ ಬರೆಯೋವಾಗ ಕೈ ತಾನಾಗಿ "₹2,10,000 ಮೊತ್ತದ ಚೆಕ್ ಅಮಾನ್ಯ" ಅಂತ ಬರೆದುಬಿಡತ್ತೆ. ವಕೀಲರು ಕೋರ್ಟಿಂದ ಸಂಜೆ ಸುಸ್ತಾಗಿ ಬರ್ತಾರೆ, ನಿಮ್ಮ ಸಾರಾಂಶ ನೋಡ್ಕೊಂಡೇ ನೋಟಿಸ್ ಡಿಕ್ಟೇಟ್ ಮಾಡ್ತಾರೆ. ನೋಟಿಸ್‌ನಲ್ಲಿ ಬೇಡಿಕೆ ₹2,10,000 ಅಂತ ಹೋಗತ್ತೆ.

ಅದರಲ್ಲೇನು ಮಹಾ ಅಂತ ಅನ್ನಿಸಬಹುದು. ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಕೇಳೋದು "ಆ ಮೊತ್ತ"ಕ್ಕೆ ಬೇಡಿಕೆ ಇಡಿ ಅಂತ. ಆ ಮೊತ್ತ ಅಂದ್ರೆ ಚೆಕ್ಕಿನ ಮೊತ್ತ. 2025ರಲ್ಲಿ ಸುಪ್ರೀಂ ಕೋರ್ಟ್ ಕಾವೇರಿ ಪ್ಲಾಸ್ಟಿಕ್ಸ್ ಕೇಸಲ್ಲಿ ಇದನ್ನೇ ಗಟ್ಟಿಯಾಗಿ ಹೇಳ್ತು. ಅಲ್ಲಿ ಚೆಕ್ ಇದ್ದದ್ದು ಒಂದು ಕೋಟಿಗೆ, ನೋಟಿಸಲ್ಲಿ ಕೇಳಿದ್ದು ಎರಡು ಕೋಟಿ. ಟೈಪಿಂಗ್ ತಪ್ಪು ಸ್ವಾಮಿ ಅಂತ ದೂರುದಾರರು ಹೇಳ್ಕೊಂಡ್ರು. ಕೋರ್ಟ್ ಒಪ್ಪಲಿಲ್ಲ, ನೋಟಿಸೇ ಸರಿಯಿಲ್ಲ ಅಂತು. ಕೇಸ್ ಅಲ್ಲಿಗೇ ಮುಗೀತು. ಬಡ್ಡಿ, ಬಾಕಿ ಬಿಲ್ಲು ಇವನ್ನ ನೋಟಿಸಲ್ಲಿ ಕೇಳಲೇಬಾರದು ಅಂತೇನಿಲ್ಲ. ಆದ್ರೆ ಚೆಕ್ ಮೊತ್ತ ಬೇರೆಯಾಗಿ, ಸ್ಪಷ್ಟವಾಗಿ ಕಾಣಬೇಕು.

ಹಾಗಾಗಿ ಸಾರಾಂಶದಲ್ಲಿ "ಮೊತ್ತ" ಅಂತ ಒಂದೇ ಕಾಲಂ ಇಡಬೇಡಿ. ಬಿಲ್ ಪ್ರಕಾರ ಎಷ್ಟು, ಚೆಕ್ ಪ್ರಕಾರ ಎಷ್ಟು, ಕಕ್ಷಿದಾರರು ಬಾಯಲ್ಲಿ ಹೇಳೋದೆಷ್ಟು, ಮೂರೂ ಬೇರೆ ಬೇರೆ ಸಾಲು. ಪ್ರತಿ ಸಾಲಿನ ಪಕ್ಕ ಪುಟ ಸಂಖ್ಯೆ. ಚೆಕ್ ಮೊತ್ತ ಬರೆಯೋವಾಗ ಅಂಕಿಯಲ್ಲಿರೋದನ್ನೂ ಅಕ್ಷರದಲ್ಲಿರೋದನ್ನೂ ಎರಡನ್ನೂ ಓದಿ. ಕಾಮರ್ಸ್ ಓದಿದೋರಿಗೆ ಇದು ಹೊಸದೇನಲ್ಲ, ವೋಚರ್ ನಂಬರ್ ಇಲ್ಲದ ಎಂಟ್ರಿಯನ್ನ ಆಡಿಟರ್ ಒಪ್ತಾರಾ? ಇಲ್ಲಿ ಪುಟ ಸಂಖ್ಯೆಯೇ ನಿಮ್ಮ ವೋಚರ್.

ಇನ್ನು ತಾರೀಖು. ಈ ಭಾಗ ಸ್ವಲ್ಪ ನಿಧಾನವಾಗಿ ಕೇಳಿ, ಬೇಕಿದ್ರೆ ಫೋನಲ್ಲಿ ಕ್ಯಾಲೆಂಡರ್ ತೆಗೆದಿಟ್ಕೊಳ್ಳಿ.

ನಮ್ಮ ಫೈಲಲ್ಲಿ ಬ್ಯಾಂಕಿನ ರಿಟರ್ನ್ ಮೆಮೊ ಮೇಲೆ ಮೇ 22 ಅಂತಿದೆ. ಅದು ಅಂಗಡಿಯವರ ಕೈಗೆ ಸಿಕ್ಕಿದ್ದು ಮೇ 26ಕ್ಕೆ. ನೋಟಿಸ್ ಮೇಲಿನ ತಾರೀಖು ಜೂನ್ 16. ಅದನ್ನ ಸ್ಪೀಡ್ ಪೋಸ್ಟ್ ಮಾಡಿದ್ದು ಜೂನ್ 18, ಪೋಸ್ಟಿನ ರಸೀದಿ ಇದೆ. ಕಂಟ್ರಾಕ್ಟರ್‌ಗೆ ತಲುಪಿದ್ದು ಜೂನ್ 21, ಟ್ರ್ಯಾಕಿಂಗ್ ಪ್ರಿಂಟೌಟ್ ಇದೆ. ನೋಡಿ, ಒಂದೇ ನೋಟಿಸಿಗೆ ಮೂರು ತಾರೀಖು. ಹುಡುಗ್ರು ಸಾರಾಂಶದಲ್ಲಿ ಏನು ಬರೀತಾರೆ? "ನೋಟಿಸ್: 16-06-2025." ಮುಗೀತು. ಯಾಕಂದ್ರೆ ನೋಟಿಸ್ ತೆಗೆದ್ರೆ ಮೇಲ್ಗಡೆ ಬಲಕ್ಕೆ ದಪ್ಪಕ್ಷರದಲ್ಲಿ ಕಾಣೋದು ಅದೇ.

ಆದ್ರೆ ಕಾನೂನಿಗೆ ಬೇಕಿರೋದು ಬೇರೆ. ಬ್ಯಾಂಕಿಂದ ಮಾಹಿತಿ ಸಿಕ್ಕ ಮೇಲೆ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ಆ ಕಡೆಯವರಿಗೆ ತಲುಪಿದ ಮೇಲೆ ದುಡ್ಡು ಕಟ್ಟೋಕೆ ಅವರಿಗೆ 15 ದಿನ ಟೈಮ್. ಆ 15 ದಿನ ಮುಗಿದ್ರೂ ಕಟ್ಟದಿದ್ರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಲ್ಲಿ ದೂರು. 15 ದಿನ ಎಣಿಸೋದು ತಲುಪಿದ ದಿನದಿಂದ, ಬರೆದ ದಿನದಿಂದಲೂ ಅಲ್ಲ, ಪೋಸ್ಟ್ ಮಾಡಿದ ದಿನದಿಂದಲೂ ಅಲ್ಲ.

ಈಗ ಲೆಕ್ಕ ಹಾಕೋಣ. ತಲುಪಿದ್ದು ಜೂನ್ 21. ಆ ದಿನ ಬಿಟ್ಟು ಎಣಿಸಿದ್ರೆ 15ನೇ ದಿನ ಜುಲೈ 6. ಅಂದ್ರೆ ಜುಲೈ 6ರ ರಾತ್ರಿವರೆಗೂ ಕಂಟ್ರಾಕ್ಟರ್‌ಗೆ ದುಡ್ಡು ಕಟ್ಟೋ ಅವಕಾಶ ಇದೆ. ಜುಲೈ 7ಕ್ಕೆ ದೂರು ಕೊಡೋ ಹಕ್ಕು ಹುಟ್ಟತ್ತೆ, ಆ ದಿನವನ್ನೂ ಬಿಟ್ಟು ಒಂದು ತಿಂಗಳು ಅಂದ್ರೆ ಆಗಸ್ಟ್ 7ರವರೆಗೆ ಟೈಮ್. ತಿಂಗಳು ಅಂದ್ರೆ ಕ್ಯಾಲೆಂಡರ್ ತಿಂಗಳು, 30 ದಿನ ಅಲ್ಲ.

ಸಾರಾಂಶದಲ್ಲಿ ಬರೀ ಜೂನ್ 16 ಅಂತ ಇದ್ರೆ? ಅದರಿಂದ 15 ದಿನ ಎಣಿಸಿದ್ರೆ ಜುಲೈ 1ಕ್ಕೆ ಮುಗೀತು. ವಕೀಲರು ಚುರುಕಿನವರು, ಜುಲೈ 3ಕ್ಕೇ ದೂರು ಹಾಕಿಬಿಡ್ತಾರೆ. ಇನ್ನೂ ಕಟ್ಟೋ ಅವಕಾಶ ಇರುವಾಗಲೇ ಹಾಕಿದ ದೂರು ದೂರೇ ಅಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಯೋಗೇಂದ್ರ ಪ್ರತಾಪ್ ಸಿಂಗ್ ಕೇಸಲ್ಲಿ ಹೇಳಿದೆ. ಆಮೇಲೆ ಮತ್ತೊಂದು ದೂರು ಹಾಕೋಕೆ ದಾರಿ ಇದೆ, ಆದ್ರೆ ತಡ ಯಾಕಾಯ್ತು ಅಂತ ಕೋರ್ಟಿಗೆ ವಿವರಿಸಬೇಕು, ಮತ್ತೆ ಮೊದಲಿಂದ ಅಲೆದಾಟ. ಅಂಗಡಿಯವರು ಯಾವ ತಪ್ಪೂ ಮಾಡಿರಲ್ಲ ಪಾಪ.

ಇದಕ್ಕೆ ಅಭ್ಯಾಸ ಒಂದೇ. ತಾರೀಖಿನ ಪಕ್ಕ ಯಾವಾಗಲೂ ಕ್ರಿಯಾಪದ ಬರೀರಿ. "ನೋಟಿಸ್ 16-06" ಅಲ್ಲ. "ನೋಟಿಸ್ ಮೇಲೆ ಬರೆದಿರೋದು 16 ಜೂನ್, ಪುಟ 5. ಪೋಸ್ಟ್ ಮಾಡಿದ್ದು 18 ಜೂನ್, ಪುಟ 6. ತಲುಪಿದ್ದು 21 ಜೂನ್, ಪುಟ 7." ತಿಂಗಳನ್ನ ಅಕ್ಷರದಲ್ಲಿ ಬರೀರಿ, ಇಲ್ಲಾಂದ್ರೆ 05-06 ಅಂದಾಗ ಮೇ ಆರಾ ಜೂನ್ ಐದಾ ಅಂತ ತಲೆ ಕೆರ್ಕೋಬೇಕಾಗತ್ತೆ. ಮತ್ತೆ, ಮೆಮೊದ ತಾರೀಖು ಮೇ 22, ಕೈಗೆ ಸಿಕ್ಕಿದ್ದು ಮೇ 26, ಇದರಲ್ಲಿ ಯಾವುದರಿಂದ 30 ದಿನ ಎಣಿಸಬೇಕು ಅಂತ ನೀವು ತೀರ್ಮಾನ ಮಾಡಿ ಇನ್ನೊಂದನ್ನ ಬಿಟ್ಟುಬಿಡಬೇಡಿ. ಎರಡನ್ನೂ ಬರೀರಿ. 26ಕ್ಕೆ ಸಿಕ್ತು ಅನ್ನೋಕೆ ಕಾಗದ ಇದೆಯಾ, ಬರೀ ಕಕ್ಷಿದಾರರ ಮಾತಾ, ಅದನ್ನೂ ಬರೀರಿ. ಎಣಿಕೆ ವಕೀಲರ ಕೆಲಸ.

ಕೆಲವು ಸಲ ಟ್ರ್ಯಾಕಿಂಗ್ ಪುಟವೇ ಇರಲ್ಲ. ಆಗ ಪೋಸ್ಟ್ ಮಾಡಿ ಮೂರು ದಿನಕ್ಕೆ ತಲುಪಿರಬೇಕು ಅಂತ ಊಹೆ ಮಾಡಿ ತಾರೀಖು ತುಂಬಿಸೋರನ್ನ ನೋಡಿದೀನಿ. ಖಾಲಿ ಕಾಲಂ ನೋಡಿದ್ರೆ ಕೆಲಸ ಅರ್ಧ ಆದ ಹಾಗೆ ಅನ್ಸತ್ತೆ ಅವರಿಗೆ. "ತಲುಪಿದ ದಾಖಲೆ ಫೈಲಲ್ಲಿ ಇಲ್ಲ" ಅನ್ನೋದೇ ಅಲ್ಲಿ ಸರಿಯಾದ ಉತ್ತರ. ಲಕೋಟೆ ವಾಪಸ್ ಬಂದಿದ್ರೆ ಅದರ ಮೇಲೆ ಪೋಸ್ಟ್‌ಮ್ಯಾನ್ ಏನು ಬರೆದಿದ್ದಾರೋ ಅದನ್ನೇ ಅಕ್ಷರಕ್ಕೆ ಅಕ್ಷರ ಇಳಿಸಿ. "ಮನೆ ಬೀಗ" ಬೇರೆ, "ತಗೊಳ್ಳೋಕೆ ಒಪ್ಪಲಿಲ್ಲ" ಬೇರೆ. ಬ್ಯಾಂಕ್ ಮೆಮೊದಲ್ಲಿರೋ ಕಾರಣಕ್ಕೂ ಇದೇ ಮಾತು. ಫಂಡ್ಸ್ ಇನ್‌ಸಫಿಶಿಯೆಂಟ್, ಅಕೌಂಟ್ ಕ್ಲೋಸ್ಡ್, ಪೇಮೆಂಟ್ ಸ್ಟಾಪ್ಡ್ ಎಲ್ಲವನ್ನೂ "ಬೌನ್ಸ್" ಅಂತ ಒಂದೇ ಬುಟ್ಟಿಗೆ ಹಾಕಬೇಡಿ.

ಮೂರನೇ ತಪ್ಪು ನನಗೆ ಎಲ್ಲಕ್ಕಿಂತ ಅಪಾಯ ಅನ್ಸೋದು, ಯಾಕಂದ್ರೆ ಅದು ತಪ್ಪು ಅಂತ ಕಾಣೋದೇ ಇಲ್ಲ. ಕಂಟ್ರಾಕ್ಟರ್ ಕಡೆಯಿಂದ ಉತ್ತರ ಬಂದಿದೆ, ಎರಡು ಪುಟ. ಅದರಲ್ಲಿ ಹೀಗಿದೆ: ಚೆಕ್ ಮೇಲಿನ ಸಹಿ ನನ್ನದೇ. ಆದ್ರೆ ಅದು ಸೆಕ್ಯೂರಿಟಿಗೆ ಅಂತ ಕೊಟ್ಟಿದ್ದ ಖಾಲಿ ಚೆಕ್. ಅಲ್ಲದೆ ಏಪ್ರಿಲ್ 2025ರಲ್ಲಿ ₹60,000 ನಗದು ಕೊಟ್ಟಾಗಿದೆ.

ಇದಕ್ಕೆ ಬರೋ ಸಾರಾಂಶ: "ಆರೋಪಿಯು ಚೆಕ್ ನೀಡಿರುವುದನ್ನು ಒಪ್ಪಿಕೊಂಡಿದ್ದಾರೆ." ಸುಳ್ಳಾ? ಪೂರ್ತಿ ಸುಳ್ಳಲ್ಲ. ಆದ್ರೆ "ಒಪ್ಪಿಕೊಂಡಿದ್ದಾರೆ" ಅನ್ನೋದು ಕೋರ್ಟಲ್ಲಿ ಭಾರದ ಮಾತು. ಅವರು ಒಪ್ಪಿದ್ದು ಸಹಿಯನ್ನ. ಸಾಲಕ್ಕೆ ಅಂತ ಕೊಟ್ಟೆ ಅಂತ ಎಲ್ಲೂ ಒಪ್ಪಿಲ್ಲ. ಸಹಿ ಒಪ್ಪಿದ್ರೆ 139ನೇ ಸೆಕ್ಷನ್ ಪ್ರಕಾರ ಸಾಲ ಇತ್ತು ಅಂತ ಕೋರ್ಟ್ ಅಂದ್ಕೊಳ್ಳತ್ತೆ, ಇಲ್ಲ ಅಂತ ತೋರಿಸೋ ಹೊಣೆ ಆರೋಪಿ ಮೇಲೆ ಬೀಳತ್ತೆ. ಆ ಕೆಲಸಕ್ಕೇ ಅವರು ₹60,000ದ ಮಾತು ಎತ್ತಿರೋದು. ಮತ್ತೆ ಆ ಏಪ್ರಿಲ್ ಅನ್ನೋ ಪದ ನೋಡಿ. ಚೆಕ್ ತಾರೀಖು ಮಾರ್ಚ್, ಬ್ಯಾಂಕಿಗೆ ಹಾಕಿದ್ದು ಮೇ. ಮಧ್ಯದಲ್ಲಿ ಸ್ವಲ್ಪ ದುಡ್ಡು ಬಂದಿದ್ದು ನಿಜವಾದ್ರೆ, ಅದನ್ನ ಚೆಕ್ ಮೇಲೆ ನಮೂದಿಸದೆ ಪೂರ್ತಿ ಮೊತ್ತಕ್ಕೆ ಹಾಕಿದ್ರೆ 138 ನಿಲ್ಲಲ್ಲ ಅಂತ 2022ರಲ್ಲಿ ದಶರಥಭಾಯಿ ಪಟೇಲ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಡೀ ಕೇಸ್ ನಿಂತಿರೋದು ನೀವು ಬಿಟ್ಟ ಆ ಸಾಲಿನ ಮೇಲೆ. ವಕೀಲರಿಗೆ ಗೊತ್ತಾದ್ರೆ ಅಂಗಡಿಯವರನ್ನ ಕರೆಸಿ "ಏಪ್ರಿಲಲ್ಲಿ ದುಡ್ಡು ಬಂತಾ, ಲೆಡ್ಜರ್ ತನ್ನಿ" ಅಂತಾರೆ. ಗೊತ್ತಾಗದಿದ್ರೆ ಪಾಟೀ ಸವಾಲಿನ ದಿನ ಕಟಕಟೆಯಲ್ಲೇ ಗೊತ್ತಾಗತ್ತೆ.

ಹಾಗಾಗಿ ಯಾರ ಮಾತು ಅನ್ನೋದನ್ನ ವಾಕ್ಯದೊಳಗೇ ಇಡಿ. "ದೂರುದಾರರ ಪ್ರಕಾರ", "ಉತ್ತರದ ಎರಡನೇ ಪ್ಯಾರಾದಲ್ಲಿ ಹೇಳಿರುವಂತೆ" ಅಂತ. ಒಪ್ಪಿದ್ದಾರೆ, ನಿರಾಕರಿಸಿದ್ದಾರೆ ಅನ್ನೋ ಪದ ಬಳಸೋ ಮುಂಚೆ ಮೂಲದ ವಾಕ್ಯವನ್ನ ಪೂರ್ತಿ ಉದ್ಧರಣೆಯಲ್ಲಿ ಹಾಕಿ, "ಆದ್ರೆ" ಬಂದ್ರೆ ಅದರ ಮುಂದಿನದ್ದನ್ನೂ ಸೇರಿಸಿ. ಸಾರಾಂಶ ನಾಲ್ಕು ಸಾಲು ಉದ್ದ ಆದ್ರೆ ಯಾರೂ ಬೈಯಲ್ಲ.

ಕೊನೆಗೆ ಕೊಡೋ ಮುಂಚೆ ಪಕ್ಕದವರನ್ನ ಕೂರಿಸಿಕೊಳ್ಳಿ. ಅವರ ಕೈಲಿ ಮೂಲ ಫೈಲ್, ನಿಮ್ಮ ಕೈಲಿ ಸಾರಾಂಶ. ಅವರು ಮೂಲದಿಂದ ಅಂಕಿ, ತಾರೀಖು, ಹೆಸರು ಜೋರಾಗಿ ಓದ್ಬೇಕು, ನೀವು ಟಿಕ್ ಹಾಕ್ಬೇಕು. ಉಲ್ಟಾ ಮಾಡ್ಬೇಡಿ. ನೀವು ಸಾರಾಂಶ ಓದಿದ್ರೆ ಅದರಲ್ಲಿ ಬಿಟ್ಟುಹೋಗಿರೋದು ಯಾರ ಕಿವಿಗೂ ಬೀಳಲ್ಲ. ಇಂಥ ಫೈಲಿಗೆ ಹತ್ತು ನಿಮಿಷ ಸಾಕು.

ಸರಿ, ಈಗ ನಿಮ್ಮ ಮುಂದಿರೋ ಝೆರಾಕ್ಸ್ ಸೆಟ್ ತೆಗೀರಿ. ಇದೇ ಅಂಗಡಿಯವರ ಫೈಲ್, ಆದ್ರೆ ಚೆಕ್ ಮೇಲಿನ ಸೀಲು ಬದಲಾಯಿಸಿದೀನಿ. ಚೆಕ್ ಯಾರ ಖಾತೆಯದ್ದು, ಸಹಿ ಮಾಡಿದ್ದು ಯಾರು, ನೋಟಿಸ್ ಯಾರ ಹೆಸರಿಗೆ ಹೋಗಿದೆ, ಮೂರನ್ನೂ ಪುಟ ಸಂಖ್ಯೆ ಹಾಕಿ ಬರೀರಿ. ಹದಿನೈದು ನಿಮಿಷ ಟೈಮ್.