ಎರಡೋ ಹನ್ನೆರಡೋ: ಬಾನುಲಿಯಲ್ಲಿ ಪತ್ರ ಓದಿದ ದಿನಗಳು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹತ್ತು ನಿಮಿಷ ಮಾತಾಡಿ ಎಂದು ಮೇಷ್ಟ್ರು ಹೇಳಿದ್ದಾರೆ. ಗಡಿಯಾರ ನೋಡಿಕೊಂಡು ಮಾತಾಡುವುದೇ ನನ್ನ ಕಸುಬಾಗಿತ್ತು, ಆದ್ದರಿಂದ ಅಂಜಿಕೆಯಿಲ್ಲ. ಆದರೆ ಎದುರಿಗೆ ಇಷ್ಟು ಮುಖಗಳನ್ನು ಇಟ್ಟುಕೊಂಡು ಮಾತಾಡಿ ನನಗೆ ರೂಢಿಯಿಲ್ಲ. ನಾನು ಮಾತಾಡಿದ್ದೆಲ್ಲ ಗೋಡೆಗೆ ಗೋಣಿಯಂಥ ಬಟ್ಟೆ ಹೊದಿಸಿದ ಒಂದು ಕೋಣೆಯಲ್ಲಿ, ಕೆಂಪು ದೀಪ ಹತ್ತಿದ ಮೇಲೆ, ಗೇಣುದ್ದ ದೂರದ ಮೈಕಿಗೆ.

ನಾವು ಈ ಶಾಲೆಯಲ್ಲಿ ಓದುವಾಗ ಜೋಗಿಮಟ್ಟಿ ಸೀಮೆಯ ಹಳ್ಳಿಗಳಲ್ಲಿ ಭದ್ರಾವತಿ ಕೇಂದ್ರ ಕೇಳುತ್ತಿತ್ತು. 1965ರಲ್ಲಿ ಶುರುವಾದ ಕೇಂದ್ರ ಅದು; ರೇಡಿಯೋದ ಮುಳ್ಳನ್ನು 675ಕ್ಕೆ ತಂದು ನಿಲ್ಲಿಸಿದರೆ ಸಾಕು. ಬೆಂಗಳೂರು ಕೇಂದ್ರ ಸಿಕ್ಕಿದ ದಿನ ರೇಡಿಯೋ ಈರಣ್ಣನ ಮಾತು ಕೇಳಲು ಕಟ್ಟೆಯ ಮೇಲೆ ಜನ ಸೇರುತ್ತಿದ್ದರು. ಈರಣ್ಣ ಎಂದರೆ ಎ. ಎಸ್. ಮೂರ್ತಿಯವರು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ನಮ್ಮಜ್ಜಿಯಂತೂ ಈರಣ್ಣ ನಮ್ಮ ಕಡೆಯ ಯಾವುದೋ ಹಳ್ಳಿಯವನೇ ಎಂದು ಕೊನೆಯವರೆಗೂ ನಂಬಿದ್ದಳು.

ಮುಂದೆ ನಾನೂ ಒಂದು ಬಾನುಲಿ ಕೇಂದ್ರದ ಗ್ರಾಮೀಣ ವಿಭಾಗಕ್ಕೆ ಉದ್ಘೋಷಕನಾಗಿ ಸೇರಿದೆ. ಆ ಕೇಂದ್ರದ ಹೆಸರು ಇಲ್ಲಿ ಹೇಳುವುದಿಲ್ಲ, ಏಕೆಂದರೆ ಇವತ್ತು ಹೇಳಹೊರಟಿರುವುದು ಒಂದು ತಪ್ಪಿನ ಕಥೆ. ತಪ್ಪು ನನ್ನದು, ಕೇಂದ್ರದ್ದಲ್ಲ.

ವಾರಕ್ಕೊಂದು ಸಂಜೆ ಹತ್ತು ನಿಮಿಷ ಕೇಳುಗರ ಪತ್ರ ಓದಿ ಉತ್ತರ ಹೇಳುವ ಕೆಲಸ ನನ್ನದು. ಬರುತ್ತಿದ್ದುದು ಹೆಚ್ಚಾಗಿ ಹದಿನೈದು ಪೈಸೆಯ ಕಾರ್ಡುಗಳು. ಬೆಳೆಯ ಪ್ರಶ್ನೆಗಳಿಗೆ ಕೃಷಿ ಇಲಾಖೆಯವರು ಉತ್ತರ ಬರೆದುಕೊಡುತ್ತಿದ್ದರು, ನಾನು ಓದುತ್ತಿದ್ದೆ. ಒಂದು ಕಾರ್ಡು ಮತ್ತು ಅದರ ಉತ್ತರ ಸೇರಿ ಸುಮಾರು 350 ಅಕ್ಷರ. ನಾನದನ್ನು ಒಂದೇ ನಿಮಿಷದಲ್ಲಿ ಮುಗಿಸುತ್ತಿದ್ದೆ. ಹತ್ತು ನಿಮಿಷದಲ್ಲಿ ಒಂಬತ್ತು ಕಾರ್ಡು, ಉಳಿದದ್ದು ನಮಸ್ಕಾರಕ್ಕೆ ಮತ್ತು ಸಂಗೀತಕ್ಕೆ. ನಾಲಿಗೆ ತೊದಲದೆ ಅಷ್ಟು ಓದುತ್ತೇನೆಂದು ನನಗೆ ಹೆಮ್ಮೆಯೂ ಇತ್ತು.

ಒಮ್ಮೆ ಶೇಂಗಾದ ಟಿಕ್ಕಾ ರೋಗದ ಬಗ್ಗೆ ಕಾರ್ಡು ಬಂತು. ಎಲೆಯ ಮೇಲೆ ಕಂದು ಚುಕ್ಕೆ ಬಿದ್ದು ಎಲೆ ಉದುರುವ ರೋಗ. ನಮ್ಮ ಹಿರಿಯೂರು, ಚಳ್ಳಕೆರೆ ಕಡೆಯವರಿಗೆ ನಾನು ವಿವರಿಸಬೇಕಾಗಿಲ್ಲ. ಇಲಾಖೆಯವರು ಬರೆದುಕೊಟ್ಟ ಉತ್ತರ ಹೀಗಿತ್ತು: ಒಂದು ಲೀಟರ್ ನೀರಿನಲ್ಲಿ ಎರಡು ಗ್ರಾಂ ಮ್ಯಾಂಕೋಜೆಬ್ ಬೆರೆಸಿ ಸಿಂಪಡಿಸಿ. ನಾನು ಸರಾಗವಾಗಿ ಓದಿ ಮುಂದಿನ ಕಾರ್ಡಿಗೆ ಹೋದೆ.

ಹದಿನೈದು ದಿನದ ಮೇಲೆ ಇನ್ನೊಬ್ಬ ರೈತರ ಕಾರ್ಡು ಬಂತು. ಬೈಗುಳವಿರಲಿಲ್ಲ. ‘ಸ್ವಾಮಿ, ತಾವು ಹೇಳಿದ್ದು ಎರಡೋ ಹನ್ನೆರಡೋ? ನಾನು ಹನ್ನೆರಡು ಅಂತ ಕೇಳಿ ಹೊಡೆದೆ. ಅರ್ಧ ಕೆಜಿ ಪೊಟ್ಟಣ ಎರಡೂವರೆ ಪಂಪಿಗೇ ಮುಗಿಯಿತು. ಪಕ್ಕದ ಹೊಲದವರು ನಗುತ್ತಾರೆ.’ ಇಷ್ಟೇ.

ನಾನು ಲೆಕ್ಕ ಹಾಕಿದೆ. ಬೆನ್ನಿಗೆ ಹಾಕುವ ಪಂಪಿಗೆ ಹದಿನಾರು ಲೀಟರ್ ನೀರು. ಲೀಟರಿಗೆ ಎರಡರಂತೆ 32 ಗ್ರಾಂ ಸಾಕು. ಅರ್ಧ ಕೆಜಿ ಔಷಧಿ ಹದಿನೈದು ಪಂಪಿಗೆ ಬರಬೇಕು. ಹನ್ನೆರಡರಂತೆ ಹಾಕಿದರೆ ಒಂದು ಪಂಪಿಗೆ 192 ಗ್ರಾಂ. ಆತ ಬರೆದದ್ದು ಸರಿಯಾಗಿಯೇ ಇತ್ತು. ಕಾಸು ಹಾಕಿ ತಂದ ಔಷಧಿ ಆರು ಪಟ್ಟು ಸುರಿದುಹೋಗಿತ್ತು.

ನಾನು ಹನ್ನೆರಡು ಎಂದು ಓದಿರಲಿಲ್ಲ. ಧ್ವನಿಮುದ್ರಿಕೆ ಹಾಕಿಸಿ ಕೇಳಿದೆ. ಮೊದಲ ಸಲ ಸರಿಯಾಗಿಯೇ ಇದೆ ಅನ್ನಿಸಿತು. ಆಮೇಲೆ ಬಾಗಿಲ ಹೊರಗೆ ನಿಂತು, ಸಣ್ಣ ಟ್ರಾನ್ಸಿಸ್ಟರಿನಲ್ಲಿ ಕೇಳಿದಂತೆ ಕೇಳಿಸಿಕೊಂಡೆ. ಆಗ ತಿಳಿಯಿತು. ‘ನೀರಿನಲ್ಲಿ’ ಮತ್ತು ‘ಎರಡು’ ಎಂಬ ಎರಡು ಪದ ನನ್ನ ಅವಸರಕ್ಕೆ ಅಂಟಿಕೊಂಡು ‘ನೀರಿನಲ್ಲೆರಡು’ ಆಗಿದ್ದವು. ವ್ಯಾಕರಣದ ಮೇಷ್ಟ್ರು ಇಲ್ಲೇ ಇದ್ದಾರೆ, ಅದು ಲೋಪಸಂಧಿ ಎಂದು ಅವರೇ ನನಗೆ ಕಲಿಸಿದ್ದು! ‘ನಲ್ಲೆರಡು’ ಎಲ್ಲಿ, ‘ಅನ್ನೆರಡು’ ಎಲ್ಲಿ? ಮಾತಿನಲ್ಲಿ ಹಕಾರ ಬಿಟ್ಟು ಹನ್ನೆರಡಕ್ಕೆ ಅನ್ನೆರಡು ಎನ್ನುವ ಮನೆಯಲ್ಲಿ, ಒಲೆಯ ಮುಂದೆಯೋ ದನದ ಕೊಟ್ಟಿಗೆಯಲ್ಲೋ ಇಟ್ಟ ರೇಡಿಯೋ ಕೇಳಿದವರಿಗೆ ಇನ್ನು ಹೇಗೆ ಕೇಳಬೇಕು? ಆ ರೈತರ ಕಿವಿಯಲ್ಲಿ ಏನೂ ಐಬಿರಲಿಲ್ಲ.

ಮೀಡಿಯಂ ವೇವ್ ಪ್ರಸಾರಕ್ಕೆ ತನ್ನದೇ ಕಷ್ಟಗಳೂ ಇವೆ. ಸ, ಶ ಮೊದಲಾದ ಸೀಳು ದನಿಯ ಅಕ್ಷರಗಳು ಅದರಲ್ಲಿ ಮಂಕಾಗುತ್ತವೆ. ಹೊತ್ತು ಮುಳುಗಿದ ಮೇಲೆ ದೂರದ ಕೇಂದ್ರಗಳೂ ಬಂದು ಒಳಗೆ ಸೇರಿಕೊಳ್ಳುತ್ತವೆ. ನಮ್ಮ ಕಾರ್ಯಕ್ರಮ ಸರಿಯಾಗಿ ಆ ಹೊತ್ತಿಗೇ.

ಮುಂದಿನ ವಾರವೇ ತಿದ್ದುಪಡಿ ಓದಿದೆ, ತಪ್ಪು ಓದುಗನದು ಎಂದೂ ಹೇಳಿದೆ. ಆಮೇಲೆ ನಿಧಾನ ಓದಲು ಹೊರಟೆ. ಹಿಂದಿಯಲ್ಲಿ ಆಗ ನಿಧಾನಗತಿಯ ವಾರ್ತೆ ಎಂದೇ ಒಂದು ಪ್ರಸಾರವಿತ್ತು. ಸಣ್ಣ ಪತ್ರಿಕೆಗಳವರು ಕೇಳುತ್ತ ಬರೆದುಕೊಳ್ಳಲಿ ಎಂದು ಉಕ್ತಲೇಖನದ ಹಾಗೆ ಓದುತ್ತಿದ್ದರು. ನಾನೂ ಅದೇ ಧಾಟಿ ಹಿಡಿದೆ. ಎರಡೇ ವಾರದಲ್ಲಿ ಕಾರ್ಡುಗಳು ಬಂದವು. ‘ಮೈಯಲ್ಲಿ ಹುಷಾರಿಲ್ಲವೇ?’ ಎಂದು ಒಬ್ಬರು, ‘ಸಾಲಿನ ಕೊನೆ ಬರುವ ಹೊತ್ತಿಗೆ ಮೊದಲು ಮರೆತುಹೋಗುತ್ತೆ’ ಎಂದು ಇನ್ನೊಬ್ಬರು. ಎರಡನೆಯವರ ಮಾತು ನಿಜ. ಬರೆದುಕೊಳ್ಳುವವನಿಗೆ ಬೇಕಾದ ವೇಗವೇ ಬೇರೆ, ಮುದ್ದೆ ತಿರುವುತ್ತ ಕೇಳುವವಳಿಗೆ ಬೇಕಾದ ವೇಗವೇ ಬೇರೆ. ಪದವನ್ನು ಎಳೆದರೆ ಅರ್ಥ ಹರಿಯುತ್ತದೆ. ಎಳೆಯಬೇಕಾದದ್ದು ಪದವನ್ನಲ್ಲ, ಪದಗಳ ನಡುವಿನ ಜಾಗವನ್ನು.

ಇದು ನನಗೆ ಪೂರ್ತಿ ಮನದಟ್ಟಾದದ್ದು ನಮ್ಮೂರಿನಲ್ಲೇ. ಒಂದು ಸಲ ಮೊದಲೇ ಧ್ವನಿಮುದ್ರಣ ಮಾಡಿಟ್ಟು ರಜೆಗೆ ಬಂದಿದ್ದೆ. ಸಂಜೆ ಪಂಚಾಯ್ತಿ ಕಟ್ಟಡದ ಮೇಲಿನ ಹಾರ್ನಿನಲ್ಲಿ ನನ್ನದೇ ದನಿ. ಹಿಂದೆ ಬಂಡೆಗುಡ್ಡ. ನಾನು ಹೆಜ್ಜೆ ಹಾಕಿ ಅಳೆದೆ, ಹಾರ್ನಿನಿಂದ ಬಂಡೆಗೆ ಹೆಚ್ಚುಕಡಿಮೆ 85 ಮೀಟರ್. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ ಎಂದು ವಿಜ್ಞಾನದ ಮೇಷ್ಟ್ರು ಹೇಳಿಕೊಟ್ಟಿದ್ದರು. ಹೋಗಿ ಬರಲು 170 ಮೀಟರ್, ಅಂದರೆ ಅರ್ಧ ಸೆಕೆಂಡು. ಕಟ್ಟಡದ ಬುಡದಲ್ಲಿ ನಿಂತವರಿಗೆ ಪ್ರತಿ ಮಾತೂ ಅರ್ಧ ಸೆಕೆಂಡು ತಡವಾಗಿ ಮತ್ತೊಮ್ಮೆ ಬಂದು ಬೀಳುತ್ತದೆ. ಸೆಕೆಂಡಿಗೆ ಆರು ಅಕ್ಷರ ಓದಿದರೆ ಮೂರು ಅಕ್ಷರ ಹಿಂದಿನದು ಮುಂದಿನದರ ಮೇಲೆ ಕೂರುತ್ತದೆ. ಎಷ್ಟು ನಿಧಾನ ಓದಿದರೂ ಒಂದೆರಡು ಅಕ್ಷರ ಕೂತೇ ಕೂರುತ್ತದೆ. ಆದರೆ ಬೇಕಾದ ಪದದ ಮುಂದೊಂದು, ಹಿಂದೊಂದು ಮುಕ್ಕಾಲು ಸೆಕೆಂಡು ಸುಮ್ಮನಿದ್ದರೆ ಮೊದಲಿನ ಮಾತಿನ ಪ್ರತಿಧ್ವನಿ ಬಂದು ಹೋಗಿಬಿಡುತ್ತದೆ, ಬೇಕಾದ ಪದ ಖಾಲಿ ಜಾಗದಲ್ಲಿ ಬೀಳುತ್ತದೆ. ಬಯಲು ಸೀಮೆಯ ಊರಿಗೆ ಇಷ್ಟು ಬೇಡ. ಬಂಡೆಯ ಬುಡದ ಊರುಗಳು ನಮ್ಮಲ್ಲಿ ಎಷ್ಟಿಲ್ಲ?

ರಜೆಯಿಂದ ಹೋದ ಮೇಲೆ ಕಾಗದದ ಮೇಲೆ ಗುರುತು ಹಾಕಲು ಶುರುಮಾಡಿದೆ. ಉಸಿರಿಗೆ ಒಂದು ಗೆರೆ, ಸುಮ್ಮನಿರಲು ಎರಡು ಗೆರೆ, ಅಂಕಿಗೆ ಸುತ್ತು. ಸುತ್ತು ಹಾಕಿದ್ದನ್ನು ಎರಡು ಬಗೆಯಲ್ಲಿ ಹೇಳಬೇಕು. ‘ಒಂದು ಲೀಟರ್ ನೀರಿಗೆ, ಎರಡು ಗ್ರಾಂ. ಹದಿನಾರು ಲೀಟರಿನ ಪಂಪಿಗೆ, ಮೂವತ್ತೆರಡು ಗ್ರಾಂ.’ ಮೊದಲನೆಯದನ್ನು ತಪ್ಪು ಕೇಳಿದವರಿಗೆ ಎರಡನೆಯದು ತಾಳೆಯಾಗುವುದಿಲ್ಲ, ಅನುಮಾನ ಬರುತ್ತದೆ, ಕೇಳಿ ತಿಳಿಯುತ್ತಾರೆ. ಹಾಗೆಯೇ ‘ನೀರಿನಲ್ಲಿ ಎರಡು’ ಎಂದು ಯಾರು ಬರೆದುಕೊಟ್ಟರೂ ‘ನೀರಿಗೆ, ಎರಡು’ ಎಂದು ತಿದ್ದಿಕೊಂಡೇ ಓದುತ್ತಿದ್ದೆ. ಪತ್ರದ ಶುರುವಿನ ಕ್ಷೇಮ ಸಮಾಚಾರವನ್ನು ಮಾತ್ರ ಮೊದಲಿನ ವೇಗದಲ್ಲೇ ಓದುತ್ತಿದ್ದೆ, ಅದು ಎಲ್ಲರಿಗೂ ಬಾಯಿಪಾಠ.

ಇದರಿಂದ ಒಂಬತ್ತು ಕಾರ್ಡಿನ ಜಾಗದಲ್ಲಿ ಆರು ಬಂತು. ವಾರಕ್ಕೆ ಮೂವರು ತಮ್ಮ ಹೆಸರು ಬರಲೆಂದು ರೇಡಿಯೋ ಮುಂದೆ ಕೂತು ನಿರಾಶರಾಗುತ್ತಿದ್ದರು. ಅವರಿಗೆ ನಾನು ಸಮಾಧಾನ ಹೇಳಿದ್ದುಂಟು, ನ್ಯಾಯ ಮಾಡಲಾಗಲಿಲ್ಲ. ಕೊನೆಗೆ ಓದಲಾಗದವರ ಹೆಸರು, ಊರು ಮಾತ್ರ ಹೇಳುವುದೆಂದಾಯಿತು. ಅಲ್ಲಿಯೂ ಅವಸರ ಮಾಡುವಂತಿಲ್ಲ. ತನ್ನ ಹೆಸರು ರೇಡಿಯೋದಲ್ಲಿ ಬರುವುದು ಜನ್ಮದಲ್ಲಿ ಒಂದು ಸಲ.

ಕೇಳುಗರಲ್ಲಿ ಒಬ್ಬ ಹೆಣ್ಣುಮಗಳು ಹೊಳಲ್ಕೆರೆ ಕಡೆಯಿಂದ ಬರೆಯುತ್ತಿದ್ದರು. ‘ನಮ್ಮಪ್ಪಾಜಿಗೆ ಕಿವಿ ಮಂದ. ರೇಡಿಯೋ ಜೋರು ಮಾಡಿದರೆ ಗದ್ದಲ ಅಂತಾರೆ, ಕಡಿಮೆ ಮಾಡಿದರೆ ಕೇಳಲ್ಲ ಅಂತಾರೆ. ಈಚೆಗೆ ನೀವು ಓದೋದು ಮಾತ್ರ ತಿಳಿಯುತ್ತೆ ಅಂತಾರೆ’ ಎಂದು ಮೊದಲ ಕಾರ್ಡು. ಮಾತಾಡಲು ಸ್ಟುಡಿಯೋಗೆ ಬಂದಿದ್ದ ಕಿವಿಯ ವೈದ್ಯರೊಬ್ಬರಿಗೆ ತೋರಿಸಿದೆ. ವಯಸ್ಸಾದಾಗ ಮೊದಲು ಹೋಗುವುದು ಕ, ತ, ಪ, ಸದಂಥ ಸಣ್ಣ ದನಿಗಳು, ಸ್ವರಗಳು ಉಳಿಯುತ್ತವೆ. ಆದ್ದರಿಂದ ಮಾತು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ. ಜೋರು ಮಾಡಿದರೆ ಸ್ವರವೇ ಜೋರಾಗುತ್ತದೆ ಎಂದರು. ಅಂದಿನಿಂದ ಕಾಗದಕ್ಕೆ ಗೆರೆ ಹಾಕುವಾಗ ಕಂಡಿರದ ಆ ಅಪ್ಪಾಜಿ ಎದುರಿಗೆ ಕೂತಂತೆ ಎಣಿಸುತ್ತಿದ್ದೆ. ನಾಲ್ಕೈದು ವರ್ಷ ಹಾಗೇ ನಡೆಯಿತು.

ಒಂದು ದಿನ ಅದೇ ಕೈಬರಹದಲ್ಲಿ ಕಾರ್ಡು ಬಂತು. ಅಪ್ಪಾಜಿ ತೀರಿಕೊಂಡು ಒಂದು ತಿಂಗಳಾಯಿತೆಂದು ಮೊದಲ ಸಾಲು. ಎರಡನೆಯ ಸಾಲು ಹೀಗಿತ್ತು: ‘ರೇಡಿಯೋ ಈಗ ಸಣ್ಣಗೆ ಇಟ್ಟು ನಾನೊಬ್ಬಳೇ ಕೇಳುತ್ತೇನೆ. ನನ್ನ ಕಿವಿ ಚೆನ್ನಾಗಿದೆ, ಆದರೆ ನೀವು ಬೇಗ ಓದಬೇಡಿ.’

ಆ ಕಾರ್ಡನ್ನು ನಾನು ಪ್ರಸಾರದಲ್ಲಿ ಓದಲಿಲ್ಲ. ಆ ವಾರದ ಆರು ಕಾರ್ಡನ್ನು ಎಂದಿನ ಹಾಗೆ ಓದಿದೆ. ಇಲ್ಲಿಗೆ ಬರುವ ಬಸ್ಸು ಅವರ ಊರಿನ ಕ್ರಾಸಿನಲ್ಲಿ ಎರಡು ನಿಮಿಷ ನಿಲ್ಲುತ್ತದೆ, ಇವತ್ತೂ ನಿಂತಿತ್ತು. ನಾನು ಎಂದೂ ಇಳಿದವನಲ್ಲ.

ಮೇಷ್ಟ್ರೇ, ನಿಮ್ಮ ಹತ್ತು ನಿಮಿಷ ಮುಗಿದಿದೆ.