ಲೇಟಾಗಿ ಬಂದ ಮಾಲು, ಬಿಲ್ಲಲ್ಲಿ ಕಡಿತ: ಪೆನಾಲ್ಟಿ ಕ್ಲಾಸ್ ಬಳಸೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಹೋದ ಸಂಚಿಕೆಯಲ್ಲಿ ಪರ್ಚೇಸ್ ಆರ್ಡರ್‌ನಲ್ಲಿ ಏನೇನು ಬರೆಸ್ಕೋಬೇಕು ಅಂತ ಮಾತಾಡಿದ್ವಿ. ಆಮೇಲೆ ತುಂಬಾ ಜನ ಕೇಳಿದ್ದು ಒಂದೇ ಪ್ರಶ್ನೆ: "ಲೇಟಾದ್ರೆ ಪೆನಾಲ್ಟಿ ಅಂತ ಬರೆದಿದೆ, ವೆಂಡರ್ ಲೇಟ್ ಮಾಡಿದಾನೆ, ಈಗ ಬಿಲ್ಲಲ್ಲಿ ನಾನೇ ಕಟ್ ಮಾಡ್ಬಹುದಾ?"

ಮಾಡ್ಬಹುದು. ಆದ್ರೆ ಆ ಹಕ್ಕು ನಿಮ್ಮ ಕೈತಪ್ಪೋದು ಕೋರ್ಟಲ್ಲಿ ಅಲ್ಲ. ಬಹಳ ಸಲ ಅದು ವಾಟ್ಸಾಪ್‌ನಲ್ಲೇ ಕೈತಪ್ಪುತ್ತೆ. "ಪರವಾಗಿಲ್ಲ ಸಾರ್, ನಿಧಾನಕ್ಕೆ ಕಳಿಸಿ" ಅಂತ ಒಂದು ಮೆಸೇಜ್ ಹಾಕಿರ್ತೀವಿ ನೋಡಿ, ಅಲ್ಲಿ. ಅದು ಹೇಗೆ ಅಂತ ಒಂದು ಉದಾಹರಣೆ ಇಟ್ಕೊಂಡು ನೋಡೋಣ.

ದಾವಣಗೆರೆಯಲ್ಲಿ ಒಬ್ಬ ಹುಡುಗಿ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿ ಮಾರೋ ಸಣ್ಣ ಯೂನಿಟ್ ಇಟ್ಟಿದಾಳೆ ಅಂದ್ಕೊಳ್ಳಿ. ಹಬ್ಬದ ಸೀಸನ್‌ಗೆ ಅಂತ ಒಂದು ಪ್ಯಾಕಿಂಗ್ ಮೆಷಿನ್‌ಗೆ ಆರ್ಡರ್ ಕೊಟ್ಟಳು. ಮೆಷಿನ್ ಬೆಲೆ 6,00,000 ರೂಪಾಯಿ, ಅದರ ಮೇಲೆ ಶೇ. 18ರಷ್ಟು ಜಿಎಸ್‌ಟಿ 1,08,000. ಒಟ್ಟು 7,08,000. ಇದರಲ್ಲಿ ಶೇ. 40 ಅಡ್ವಾನ್ಸ್, ಅಂದ್ರೆ 2,83,200 ರೂಪಾಯಿ. ಉಳಿದ 4,24,800 ರೂಪಾಯಿ ಡೆಲಿವರಿ ಆದ 15 ದಿನದೊಳಗೆ.

ಆರ್ಡರ್‌ನ 9ನೇ ಕ್ಲಾಸ್ ಹೀಗಿತ್ತು: ಅಡ್ವಾನ್ಸ್ ತಲುಪಿದ 45 ದಿನದಲ್ಲಿ ಡೆಲಿವರಿ. ಈ ಒಪ್ಪಂದದಲ್ಲಿ ಸಮಯವೇ ಮುಖ್ಯ. ತಡವಾದರೆ ಪ್ರತಿ ವಾರಕ್ಕೆ ಅಥವಾ ವಾರದ ಭಾಗಕ್ಕೆ, ಜಿಎಸ್‌ಟಿ ಬಿಟ್ಟು ಮೂಲ ಬೆಲೆಯ ಶೇ. 1ರಷ್ಟು ಕಡಿತ. ಎಷ್ಟೇ ತಡವಾದರೂ ಕಡಿತ ಶೇ. 5 ಮೀರುವಂತಿಲ್ಲ.

ಇಲ್ಲಿ ಬ್ಯಾಲೆನ್ಸ್ ಹಣ ಡೆಲಿವರಿ ಆದ ಮೇಲೆ ಕೊಡೋದು ಅನ್ನೋದನ್ನ ಗಮನಿಸಿ. ಪೂರ್ತಿ ದುಡ್ಡು ಮೊದಲೇ ಕೊಟ್ಟಿದ್ರೆ ಕಟ್ ಮಾಡೋಕೆ ಕೈಯಲ್ಲಿ ಏನೂ ಇರಲ್ಲ, ವಾಪಸ್ ಕೇಳ್ತಾ ಕೂರಬೇಕು.

ಈಗ ಏನಾಯ್ತು ಅಂದ್ರೆ, ಜುಲೈ 1ಕ್ಕೆ ಆರ್ಡರ್ ಹೋಯ್ತು. ಅಡ್ವಾನ್ಸ್ ಜುಲೈ 6ಕ್ಕೆ ವೆಂಡರ್ ಅಕೌಂಟ್ ಸೇರ್ತು. ಅಲ್ಲಿಂದ 45 ದಿನ ಅಂದ್ರೆ ಆಗಸ್ಟ್ 20. ಆಗಸ್ಟ್ 18ಕ್ಕೆ ವೆಂಡರ್ ಮೆಸೇಜ್: "ಮೇಡಂ, ಮೋಟಾರ್ ಬಂದಿಲ್ಲ, ಇನ್ನೊಂದೆರಡು ವಾರ ಅಡ್ಜಸ್ಟ್ ಮಾಡ್ಕೊಳ್ಳಿ."

ಇಡೀ ವಿಷಯ ನಿಂತಿರೋದು ಈ ಮೆಸೇಜ್‌ಗೆ ಏನು ಉತ್ತರ ಕೊಡ್ತೀವಿ ಅನ್ನೋದರ ಮೇಲೆ. "ಸರಿ, ಪರವಾಗಿಲ್ಲ" ಅಂದ್ರೆ ನಾಳೆ ವೆಂಡರ್ ಹೇಳ್ತಾನೆ, "ನೀವೇ ಟೈಮ್ ಕೊಟ್ರಿ, ಹಾಗಾಗಿ ತಡವೇ ಆಗಿಲ್ಲ" ಅಂತ. ಅದು ಬರೀ ಬಾಯಿ ಮಾತಲ್ಲ. ಭಾರತೀಯ ಒಪ್ಪಂದ ಕಾಯ್ದೆ, 1872ರ 63ನೇ ಸೆಕ್ಷನ್ ಪ್ರಕಾರ ನಮಗೆ ಬರಬೇಕಾದ್ದನ್ನ ಬಿಟ್ಟುಕೊಡೋಕೆ ಅಥವಾ ಅದಕ್ಕೆ ಸಮಯ ವಿಸ್ತರಿಸೋಕೆ ನಮಗೆ ಅಧಿಕಾರ ಇದೆ. ಬಿಟ್ಟುಕೊಟ್ರೆ ಅದು ಹೋಯ್ತು.

ಹಾಗಂತ ಬೇಡ ಅನ್ನೋಕೂ ಆಗಲ್ಲ, ಅಡ್ವಾನ್ಸ್ ಹೋಗಿದೆ, ಮೆಷಿನ್ ಬೇಕೇ ಬೇಕು. ಹಾಗಾದ್ರೆ ಉತ್ತರ ಹೀಗಿರಲಿ: "ಸೆಪ್ಟೆಂಬರ್ ಮೊದಲ ವಾರದೊಳಗೆ ಕಳಿಸಿ. ಆದರೆ ಒಪ್ಪಂದದ ಡೆಲಿವರಿ ದಿನಾಂಕ ಆಗಸ್ಟ್ 20 ಬದಲಾಗಿಲ್ಲ. 9ನೇ ಕ್ಲಾಸ್ ಪ್ರಕಾರ ವಿಳಂಬದ ಕಡಿತ ಮಾಡುವ ಹಕ್ಕನ್ನು ಉಳಿಸಿಕೊಂಡಿದ್ದೇವೆ." ಮೂರು ಸಾಲು, ಅಷ್ಟೇ. ವಾಟ್ಸಾಪ್‌ನಲ್ಲಿ ಹಾಕಿ, ಅದನ್ನೇ ಇಮೇಲ್‌ಗೂ ಹಾಕಿ.

ಇದು ದೊಡ್ಡ ಕಂಪನಿಗಳೂ ಮಾಡೋ ಕೆಲಸವೇ. ಸುಪ್ರೀಂ ಕೋರ್ಟ್ 2003ರಲ್ಲಿ ತೀರ್ಪು ಕೊಟ್ಟ ಒಎನ್‌ಜಿಸಿ ಮತ್ತು ಸಾ ಪೈಪ್ಸ್ ಕೇಸ್ ಇದೆ. ತೈಲ ಬಾವಿಗೆ ಹಾಕೋ ಪೈಪ್‌ಗಳ ಆರ್ಡರ್ ಅದು. ಯೂರೋಪಿನ ಸ್ಟೀಲ್ ಕಾರ್ಖಾನೆಗಳಲ್ಲಿ ಮುಷ್ಕರ, ಅದಕ್ಕೆ ಕಚ್ಚಾ ಮಾಲು ತಡವಾಯ್ತು ಅಂತ ಪೂರೈಕೆದಾರರು ಟೈಮ್ ಕೇಳಿದ್ರು. ಒಎನ್‌ಜಿಸಿ ಟೈಮ್ ಕೊಡ್ತು, ಆದ್ರೆ ಒಪ್ಪಂದದಲ್ಲಿರೋ ವಿಳಂಬ ಪರಿಹಾರ ವಸೂಲಿ ಮಾಡ್ತೀವಿ ಅಂತ ಅದೇ ಪತ್ರದಲ್ಲಿ ಹೇಳ್ತು. ಆಮೇಲೆ ಬಿಲ್ಲಲ್ಲಿ ಕಟ್ ಮಾಡ್ತು. ಕೊನೆಗೆ ಸುಪ್ರೀಂ ಕೋರ್ಟ್ ಒಎನ್‌ಜಿಸಿ ಪರವಾಗಿ ಹೇಳ್ತು.

ಮತ್ತೆ ನಮ್ಮ ಕಥೆಗೆ ಬರೋಣ. ಮೆಷಿನ್ ಬಂದಿದ್ದು ಸೆಪ್ಟೆಂಬರ್ 13ಕ್ಕೆ. ಲಾರಿ ಗೇಟ್ ಮುಂದೆ ನಿಂತಿದೆ, ಡ್ರೈವರ್ ಚಲನ್ ಹಿಡ್ಕೊಂಡು ಸಹಿ ಕೇಳ್ತಿದಾನೆ. ಇದು ಎರಡನೇ ಜಾಗ, ಇಲ್ಲೂ ಹುಷಾರಾಗಿರಬೇಕು. ಒಪ್ಪಂದ ಕಾಯ್ದೆಯ 55ನೇ ಸೆಕ್ಷನ್ ಹೇಳೋದು ಇಷ್ಟು: ಸಮಯವೇ ಮುಖ್ಯವಾಗಿರೋ ಒಪ್ಪಂದದಲ್ಲಿ, ತಡವಾಗಿ ಬಂದದ್ದನ್ನ ನೀವು ಸ್ವೀಕರಿಸಿದ್ರೆ ತಡದಿಂದಾದ ನಷ್ಟಕ್ಕೆ ಪರಿಹಾರ ಕೇಳೋ ಹಾಗಿಲ್ಲ. ಆದ್ರೆ ಸ್ವೀಕರಿಸೋ ಹೊತ್ತಿಗೇ "ಪರಿಹಾರ ಕೇಳ್ತೀನಿ" ಅಂತ ನೋಟಿಸ್ ಕೊಟ್ಟಿದ್ರೆ ಕೇಳಬಹುದು.

ಸ್ವೀಕರಿಸೋ ಹೊತ್ತಿಗೇ, ಆಯ್ತಾ? ಒಂದು ತಿಂಗಳಾದ ಮೇಲೆ ಬಿಲ್ ಸೆಟಲ್ ಮಾಡುವಾಗ ನೆನಪಾದ್ರೆ ಅದು ಜಗಳಕ್ಕೆ ದಾರಿ. ನೋಟಿಸ್ ಅಂದ ತಕ್ಷಣ ಲಾಯರ್ ಲೆಟರ್ ಅಂದ್ಕೋಬೇಡಿ. ಚಲನ್ ಮೇಲೆ ಸಹಿ ಪಕ್ಕದಲ್ಲಿ "13 ಸೆಪ್ಟೆಂಬರ್‌ಗೆ ತಲುಪಿದೆ. 9ನೇ ಕ್ಲಾಸ್ ಪ್ರಕಾರ ವಿಳಂಬ ಕಡಿತಕ್ಕೆ ಒಳಪಟ್ಟು ಸ್ವೀಕರಿಸಲಾಗಿದೆ" ಅಂತ ಬರೀರಿ, ಫೋಟೋ ತಗೊಳ್ಳಿ, ಅವತ್ತೇ ವೆಂಡರ್‌ಗೆ ಕಳಿಸಿ.

ಈಗ ಲೆಕ್ಕ. ಮೊದಲ ಯೋಚನೆಗೆ ಜುಲೈ 1ರಿಂದ ಎಣಿಸಬೇಕು ಅನ್ಸುತ್ತೆ. ಆಗ ಕೊನೆ ದಿನ ಆಗಸ್ಟ್ 15, ತಡ 29 ದಿನ. ನಾಲ್ಕು ವಾರ ಒಂದು ದಿನ, ವಾರದ ಭಾಗವೂ ಸೇರಿ ಐದು ವಾರ, ಶೇ. 5, ಅಂದ್ರೆ 30,000 ರೂಪಾಯಿ. ಆದ್ರೆ ಇದು ತಪ್ಪು ಲೆಕ್ಕ. ಒಪ್ಪಂದದಲ್ಲಿರೋದು ಅಡ್ವಾನ್ಸ್ ತಲುಪಿದ ದಿನದಿಂದ ಅಂತ. ಸರಿಯಾದ ಕೊನೆ ದಿನ ಆಗಸ್ಟ್ 20, ತಡ 24 ದಿನ. ಮೂರು ವಾರ ಮೂರು ದಿನ, ಅಂದ್ರೆ ನಾಲ್ಕು ವಾರ. ಶೇ. 4, ಅಂದ್ರೆ 24,000 ರೂಪಾಯಿ. "ವಾರದ ಭಾಗ" ಅನ್ನೋ ಪದ ಇಲ್ಲದೆ "ಪೂರ್ತಿ ವಾರ" ಅಂತ ಇದ್ದಿದ್ರೆ 18,000 ಮಾತ್ರ ಆಗ್ತಿತ್ತು.

ನಮ್ಮ ಕಡೆಯಿಂದ ಆದ ತಡವನ್ನ ವೆಂಡರ್ ತಲೆಗೆ ಕಟ್ಟೋ ಹಾಗಿಲ್ಲ. ಡಿಸೈನ್ ಅಪ್ರೂವ್ ಮಾಡೋಕೆ ನಾವೇ ಹತ್ತು ದಿನ ಎಳೆದಿದ್ರೆ ಅದನ್ನೂ ಕಳೀಬೇಕು. ಇಂಥ ಒಂದು ತಪ್ಪು ಸಿಕ್ಕಿದ್ರೆ ವೆಂಡರ್ ಇಡೀ ಕಡಿತವನ್ನೇ ಪ್ರಶ್ನೆ ಮಾಡ್ತಾನೆ.

ಮುಂದಿನ ವಾದ ಬರೋದು ಹೀಗೆ: "ಲೇಟಾಯ್ತು, ನಿಜ. ಆದ್ರೆ ನಿಮಗೆ ನಷ್ಟ ಏನಾಯ್ತು ತೋರಿಸಿ." ಇದಕ್ಕೆ ಉತ್ತರ 74ನೇ ಸೆಕ್ಷನ್‌ನಲ್ಲಿದೆ. ಒಪ್ಪಂದದಲ್ಲಿ ಮೊತ್ತ ಬರೆದಿದ್ರೆ, ನಷ್ಟವನ್ನ ರುಜುವಾತು ಮಾಡಿದ್ರೂ ಮಾಡದಿದ್ರೂ, ಆ ಮೊತ್ತ ಮೀರದಷ್ಟು ನ್ಯಾಯವಾದ ಪರಿಹಾರ ಸಿಗುತ್ತೆ. ಹಾಗಾದ್ರೆ ನಷ್ಟದ ಲೆಕ್ಕವೇ ಬೇಡ್ವಾ? ಬೇಕು. 2015ರ ಕೈಲಾಶ್ ನಾಥ್ ಅಸೋಸಿಯೇಟ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನ ಬಿಡಿಸಿ ಹೇಳಿದೆ: ನಷ್ಟ ಅಂತ ಏನೂ ಆಗದೇ ಇದ್ರೆ ಪರಿಹಾರವೂ ಇಲ್ಲ. ನಷ್ಟವನ್ನ ಲೆಕ್ಕ ಹಾಕೋದೇ ಕಷ್ಟ ಅನ್ನೋ ಕಡೆ ಮಾತ್ರ ಒಪ್ಪಂದದ ಮೊತ್ತವನ್ನೇ ನೇರವಾಗಿ ಕೊಡಬಹುದು, ಅದೂ ಆ ಮೊತ್ತ ನಷ್ಟದ ಪ್ರಾಮಾಣಿಕ ಅಂದಾಜಾಗಿದ್ರೆ.

ಹಾಗಾಗಿ ಒಂದು ಪುಟದ ಲೆಕ್ಕ ಇಟ್ಕೊಳ್ಳಿ. ನಮ್ಮ ಹುಡುಗಿ ಆ 24 ದಿನ ಹೊರಗಡೆ ಪ್ಯಾಕಿಂಗ್ ಮಾಡಿಸಿದಳು, ದಿನಕ್ಕೆ 1,100 ರೂಪಾಯಿ ಹೆಚ್ಚಿಗೆ ಖರ್ಚು, ಒಟ್ಟು 26,400. ಬಿಲ್‌ಗಳಿವೆ. ಆದ್ರೆ ಅವಳು ಕೇಳಬಹುದಾದದ್ದು 24,000 ಮಾತ್ರ. ನಷ್ಟ ಅದಕ್ಕಿಂತ ಹೆಚ್ಚಿದ್ರೂ ಒಪ್ಪಂದದಲ್ಲಿ ಒಪ್ಪಿದ ಮೊತ್ತವೇ ಮಿತಿ. ಈ ಕ್ಲಾಸ್ ಎರಡೂ ಕಡೆ ಹರಿಯೋ ಕತ್ತಿ.

ಇನ್ನು ದುಡ್ಡು ಕೊಡೋ ವಿಷಯ. ಕೋಪದಲ್ಲಿ ಪೂರ್ತಿ 4,24,800 ಹಿಡಿದಿಟ್ಕೊಳ್ಳೋದು ದೊಡ್ಡ ಅಪಾಯ. ವೆಂಡರ್ ಉದ್ಯಮ್ ನೋಂದಣಿ ಇರೋ ಮೈಕ್ರೋ ಅಥವಾ ಸ್ಮಾಲ್ ಯೂನಿಟ್ ಆಗಿದ್ರೆ, ಎಂಎಸ್‌ಎಂಇಡಿ ಕಾಯ್ದೆ, 2006ರ ಪ್ರಕಾರ ಒಪ್ಪಿದ ದಿನದೊಳಗೆ ದುಡ್ಡು ಕೊಡಬೇಕು. ಎಷ್ಟೇ ಒಪ್ಪಿದ್ರೂ ಅದು 45 ದಿನ ಮೀರೋ ಹಾಗಿಲ್ಲ. ಮೀರಿದ್ರೆ ಆರ್‌ಬಿಐ ಬ್ಯಾಂಕ್ ರೇಟ್‌ನ ಮೂರು ಪಟ್ಟು ದರದಲ್ಲಿ ತಿಂಗಳ ಚಕ್ರಬಡ್ಡಿ. 24 ಸಾವಿರ ಉಳಿಸೋಕೆ ಹೋಗಿ ನಾಲ್ಕು ಲಕ್ಷದ ಮೇಲೆ ಬಡ್ಡಿ ಕಟ್ಟೋ ಪರಿಸ್ಥಿತಿ ಬೇಡ.

ಸರಿಯಾದ ದಾರಿ ಅಂದ್ರೆ ತಕರಾರಿಲ್ಲದ ಮೊತ್ತವನ್ನ ಟೈಮ್‌ಗೆ ಕೊಟ್ಟುಬಿಡೋದು. 4,24,800ರಲ್ಲಿ 24,000 ಕಳೆದು 4,00,800 ರೂಪಾಯಿ, ಸೆಪ್ಟೆಂಬರ್ 28ರೊಳಗೆ. ಅದಕ್ಕೂ ಮೊದಲು ಒಂದು ಪುಟದ ಪತ್ರ ಹೋಗಲಿ. ಅಡ್ವಾನ್ಸ್ ತಲುಪಿದ ದಿನ, ಕೊನೆ ದಿನ, ಮಾಲು ಬಂದ ದಿನ, ಎಷ್ಟು ವಾರ, ಎಷ್ಟು ಪರ್ಸೆಂಟ್, ಎಷ್ಟು ಮೊತ್ತ ಅಂತ ಬರೀರಿ. "ಈ ಲೆಕ್ಕದಲ್ಲಿ ತಕರಾರಿದ್ದರೆ ಏಳು ದಿನದೊಳಗೆ ತಿಳಿಸಿ" ಅಂತ ಮುಗಿಸಿ. ಜೊತೆಗೆ ಚಲನ್ ಫೋಟೋ, ಆಗಸ್ಟ್ 18ರ ಮೆಸೇಜ್ ಮತ್ತು ನಿಮ್ಮ ಉತ್ತರ.

ಪತ್ರದಲ್ಲಿ "ಡಿಸ್ಕೌಂಟ್" ಅನ್ನೋ ಪದ ಬೇಡ, "ವಿಳಂಬ ಪರಿಹಾರ" ಅನ್ನಿ. ಯಾಕಂದ್ರೆ ಜಿಎಸ್‌ಟಿ. 2022ರ ಆಗಸ್ಟ್ 3ರ ಸಿಬಿಐಸಿ ಸರ್ಕ್ಯುಲರ್ 178ರ ಪ್ರಕಾರ ಇಂಥ ಪರಿಹಾರ ಯಾವ ಸೇವೆಗೂ ಕೊಟ್ಟ ಪ್ರತಿಫಲ ಅಲ್ಲ, ಅದರ ಮೇಲೆ ಜಿಎಸ್‌ಟಿ ಇಲ್ಲ. ವೆಂಡರ್‌ನ ಇನ್‌ವಾಯ್ಸ್ 7,08,000ಕ್ಕೇ ಇರುತ್ತೆ. ಬದಲಿಗೆ ಇಬ್ಬರೂ ಬೆಲೆಯನ್ನೇ ಇಳಿಸೋಣ ಅಂತ ಒಪ್ಪಿ ವೆಂಡರ್ ಜಿಎಸ್‌ಟಿ ಕ್ರೆಡಿಟ್ ನೋಟ್ ಕೊಟ್ರೆ, 24,000ದ ಮೇಲಿನ 4,320 ರೂಪಾಯಿ ತೆರಿಗೆಯ ಇನ್‌ಪುಟ್ ಕ್ರೆಡಿಟ್ ನೀವು ವಾಪಸ್ ಮಾಡಬೇಕಾಗುತ್ತೆ. ಎರಡರಲ್ಲಿ ಒಂದು ದಾರಿ ಹಿಡೀರಿ, ಬೆರೆಸಬೇಡಿ. ಲೆಕ್ಕಕ್ಕೆ ಹಾಕೋ ಮೊದಲು ನಿಮ್ಮ ಸಿಎಗೆ ಆ ಪತ್ರ ತೋರಿಸಿ.

ಇಷ್ಟಾದ ಮೇಲೆ ವೆಂಡರ್ ಫೋನ್ ಮಾಡ್ತಾನೆ, ಗ್ಯಾರಂಟಿ. "ಮೇಡಂ, 12 ಸಾವಿರಕ್ಕೆ ಮುಗಿಸೋಣ" ಅಂತಾನೆ. ಒಪ್ಪೋದು ಬಿಡೋದು ನಿಮ್ಮಿಷ್ಟ. ನಾಳೆ ಅದೇ ಮೆಷಿನ್‌ಗೆ ಸ್ಪೇರ್ ಪಾರ್ಟ್, ಸರ್ವಿಸ್ ಅವನೇ ಕೊಡಬೇಕು, ಅದೂ ಲೆಕ್ಕದಲ್ಲಿರಲಿ. ಎರಡು ಸರ್ವಿಸ್ ವಿಸಿಟ್ ಫ್ರೀ ಅಂತ ಬರೆಸ್ಕೊಂಡು ಕಡಿಮೆಗೆ ಒಪ್ಪೋದೂ ಕೆಟ್ಟ ವ್ಯವಹಾರ ಅಲ್ಲ. ಆದ್ರೆ ಬಿಟ್ಟುಕೊಡೋದಾದ್ರೆ ಏನು ಸಿಗುತ್ತೆ ಅಂತ ಗೊತ್ತಿದ್ದು ಬಿಟ್ಟುಕೊಡಿ, "ಪರವಾಗಿಲ್ಲ ಸಾರ್" ಅಂತ ಬಾಯಿತಪ್ಪಿ ಅಲ್ಲ.

ಮುಂದಿನ ಸಂಚಿಕೆಯಲ್ಲಿ ಇದರ ಆ ಕಡೆ ನೋಡೋಣ: ನೀವೇ ವೆಂಡರ್ ಆಗಿದ್ದು, ಗಿರಾಕಿ ನಿಮ್ಮ ಬಿಲ್ಲಲ್ಲಿ ಹೀಗೆ ಕಟ್ ಮಾಡಿದ್ರೆ ಏನು ಮಾಡ್ಬೇಕು ಅಂತ. ಅಲ್ಲಿವರೆಗೂ ನಿಮ್ಮ ಪರ್ಚೇಸ್ ಆರ್ಡರ್ ತೆಗೆದು ಎಣಿಕೆ ಯಾವ ದಿನದಿಂದ ಶುರು ಅಂತ ಬರೆದಿದೆ ನೋಡ್ಕೊಳ್ಳಿ. ಸಿಗೋಣ.