ಮಗಳ ಓದಿಗೆ ಬ್ಯಾಂಕಿನ ಸಾಲ

ಜಹೀರಾಬಾದ್, ನಾರಾಯಣಖೇಡ, ತಾಂಡೂರ ಕಡೆಯಿಂದ ಬಂದ ಅಕ್ಕಂದಿರೆ, ಅಣ್ಣಂದಿರೆ, ಇವತ್ತು ಓದಿನ ಸಾಲದ ಮಾತು ಆಡೋಣ.

ನಾರಾಯಣಖೇಡದ ಒಂದು ಮನೆ ಅಂತ ಇಟ್ಟುಕೊಳ್ಳಿ. ಮಗಳು ಹನ್ನೆರಡನೇ ತರಗತಿ ಪಾಸಾಗಿದ್ದಾಳೆ. ಬೀದರಿನಲ್ಲಿ ನಾಲ್ಕು ವರ್ಷದ ನರ್ಸಿಂಗ್ ಓದಲು ಸೀಟು ಸಿಕ್ಕಿದೆ. ವರ್ಷಕ್ಕೆ ಫೀಸು 75,000 ರೂಪಾಯಿ. ನಾಲ್ಕು ವರ್ಷಕ್ಕೆ 3 ಲಕ್ಷ. ಅಪ್ಪ ಹೊಲದ ಪಟ್ಟಾ ಪಾಸ್ ಬುಕ್ ಹಿಡಿದು ಬ್ಯಾಂಕಿಗೆ ಹೊರಟಿದ್ದಾನೆ.

ತಡೀರಿ. ಆ ಪಾಸ್ ಬುಕ್ ಮನೆಯಲ್ಲೇ ಇರಲಿ. 4 ಲಕ್ಷದವರೆಗಿನ ಓದಿನ ಸಾಲಕ್ಕೆ ಹೊಲ, ಮನೆ, ಬಂಗಾರ ಯಾವುದನ್ನೂ ಅಡವು ಕೇಳಬಾರದು ಎಂದು ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ಹೇಳಿದೆ. ಮಗಳ ಜೊತೆ ಅಪ್ಪ ಅಥವಾ ಅವ್ವ ಸಹಿ ಹಾಕಬೇಕು, ಅಷ್ಟೆ. ಆದರೆ ಈ ಸಹಿ ಹಗುರ ಅಲ್ಲ. ಮಗಳು ಕಟ್ಟದಿದ್ದರೆ ಸಹಿ ಹಾಕಿದವರು ಕಟ್ಟಬೇಕು. ಬ್ಯಾಂಕಿನವರು ಸಾಲ ಆಗೋದಿಲ್ಲ ಅಂದರೆ, ಕಾರಣ ಬರೆದು ಕೊಡಿ ಸಾಹೇಬ್ರ ಅಂತ ಕೇಳಿ. ಬರೀ ಬಾಯಿಮಾತು ಕೇಳಿ ಮನೆಗೆ ಬರಬೇಡಿ.

ಇನ್ನು ದುಡ್ಡು. ಅದು ನಿಮ್ಮ ಕೈಗೆ ಬರೋದಿಲ್ಲ. ಕಾಲೇಜು ಕೊಟ್ಟ ಫೀಸಿನ ಪತ್ರ ನೋಡಿ, ಬ್ಯಾಂಕು ನೇರವಾಗಿ ಕಾಲೇಜಿನ ಖಾತೆಗೆ ಕಟ್ಟುತ್ತದೆ. ಅದೂ ಒಂದೇ ಸಲಕ್ಕೆ ಅಲ್ಲ, ವರ್ಷ ವರ್ಷ. ಮುಂದಿನ ವರ್ಷದ ಫೀಸು ಬೇಕಾದಾಗ ಹಿಂದಿನ ರಸೀದಿ, ಮಗಳ ಅಂಕಪಟ್ಟಿ ತೋರಿಸಬೇಕು. ರಸೀದಿ ಇಲ್ಲದ ಡೊನೇಷನ್ನಿಗೆ ಬ್ಯಾಂಕು ದುಡ್ಡು ಕೊಡೋದಿಲ್ಲ. ಸೀಟು ಕೊಡಿಸ್ತೀನಿ, ಸಾಲನೂ ಮಾಡಿಸ್ತೀನಿ, ಮೊದಲು ನನ್ನ ಕೈಗೆ ಇಷ್ಟು ಕೊಡಿ ಅನ್ನೋ ಏಜೆಂಟನನ್ನು ನಂಬಬೇಡಿ.

ಕೈಗೆ ಬರದ ದುಡ್ಡು ಎಂಥ ಸಾಲ ಅಂತ ಕೆಲವರು ಗೊಣಗುತ್ತಾರೆ. ಆದರೆ ಇದರಲ್ಲಿ ನಿಮಗೇ ಲಾಭ ಅದ. ಲೆಕ್ಕ ಹಾಕೋಣ. ಬಡ್ಡಿ ವರ್ಷಕ್ಕೆ ನೂರಕ್ಕೆ 10 ರೂಪಾಯಿ ಅಂತ ಹಿಡಿಯಿರಿ. ಮೊದಲ ವರ್ಷ ಬ್ಯಾಂಕು ಕಟ್ಟಿದ್ದು 75,000. ಅದಕ್ಕೆ ಬಡ್ಡಿ 7,500. ಎರಡನೇ ವರ್ಷ ಸಾಲ ಒಂದೂವರೆ ಲಕ್ಷ, ಬಡ್ಡಿ 15,000. ಮೂರನೇ ವರ್ಷ 22,500. ನಾಲ್ಕನೇ ವರ್ಷ 30,000.

ಓದುವಾಗ ಕಂತು ಕಟ್ಟಬೇಕಾಗಿಲ್ಲ. ಓದು ಮುಗಿದ ಮೇಲೂ ಒಂದು ವರ್ಷ ಬಿಡುವು ಇರುತ್ತದೆ. ಬ್ಯಾಂಕಿನವರು ಇದನ್ನು ಮೊರಟೋರಿಯಂ ಅಂತಾರೆ. ಬಿಡುವು ಕಂತಿಗೆ ಮಾತ್ರ, ಬಡ್ಡಿಗೆ ಇಲ್ಲ. ಆ ಐದನೇ ವರ್ಷಕ್ಕೂ ಬಡ್ಡಿ 30,000. ಎಲ್ಲ ಕೂಡಿಸಿದರೆ 1,05,000 ರೂಪಾಯಿ. ಮೂರು ಲಕ್ಷವನ್ನೂ ಮೊದಲ ದಿನವೇ ತೆಗೆದಿದ್ದರೆ ಐದು ವರ್ಷಕ್ಕೆ 1,50,000 ಆಗುತ್ತಿತ್ತು. ವರ್ಷ ವರ್ಷ ಕಟ್ಟಿದ್ದರಿಂದ 45,000 ಉಳಿಯಿತು.

ಆದರೂ ಮೂರು ಲಕ್ಷದ ಸಾಲ ನಾಲ್ಕು ಲಕ್ಷ ದಾಟಿತು ನೋಡಿ. ಹತ್ತು ವರ್ಷದ ಕಂತು ಹಾಕಿದರೆ ತಿಂಗಳಿಗೆ ಸುಮಾರು 5,350 ರೂಪಾಯಿ. ಈ 1,05,000 ಬಡ್ಡಿಯನ್ನು ಸರ್ಕಾರ ಕಟ್ಟಿದರೆ ಕಂತು 4,000ದ ಒಳಗೆ ಬರುತ್ತದೆ.

ಸರ್ಕಾರ ಕಟ್ಟುತ್ತದೆಯೇ? ಕಟ್ಟುತ್ತದೆ. 2009ರಿಂದ ಕೇಂದ್ರ ಸರ್ಕಾರದ ಬಡ್ಡಿ ಸಬ್ಸಿಡಿ ಇದೆ. ಮನೆಯ ಎಲ್ಲರ ಆದಾಯ ಸೇರಿ ವರ್ಷಕ್ಕೆ ನಾಲ್ಕೂವರೆ ಲಕ್ಷ ಮೀರಬಾರದು. ಓದು ಇಂಜಿನಿಯರಿಂಗ್, ನರ್ಸಿಂಗ್ ಥರದ್ದು ಇರಬೇಕು. ಕಾಲೇಜಿಗೆ ಮಾನ್ಯತೆ ಬೇಕು. ನರ್ಸಿಂಗ್ ಆದರೆ ಭಾರತೀಯ ನರ್ಸಿಂಗ್ ಕೌನ್ಸಿಲ್ ಒಪ್ಪಿರಬೇಕು. ಸೀಟು ಹಿಡಿಯುವ ಮೊದಲೇ ಇದನ್ನು ಕೇಳಿಕೊಳ್ಳಿ, ಆಮೇಲೆ ಕೇಳಿದರೆ ಉಪಯೋಗವಿಲ್ಲ. ಮಗಳು ಓದು ನಡುವೆ ಬಿಟ್ಟರೆ ಸಬ್ಸಿಡಿಯೂ ಹೋಗುತ್ತದೆ. ಕಾಯಿಲೆಯಿಂದ ಬಿಟ್ಟಿದ್ದರೆ ಅದು ಬೇರೆ, ದವಾಖಾನೆ ಕಾಗದ ತೋರಿಸಬೇಕು.

ಹೆಚ್ಚಿನ ಮನೆಗಳು ಎಡವುವುದು ಆದಾಯ ಪತ್ರದಲ್ಲಿ. ಕಾಲೇಜು ಬೀದರಿನಲ್ಲಿ ಇದ್ದರೂ ಮನೆ ಇರುವುದು ತೆಲಂಗಾಣದಲ್ಲಿ. ಆದ್ದರಿಂದ ಮೀಸೇವಾದಲ್ಲಿ ಅರ್ಜಿ ಹಾಕಿ ನಿಮ್ಮ ತಹಶೀಲ್ದಾರರ ಪತ್ರವನ್ನೇ ತನ್ನಿ. ಸಾಲದ ಅರ್ಜಿಯ ಜೊತೆಗೇ ಬ್ಯಾಂಕಿಗೆ ಕೊಡಿ, ಕೊಟ್ಟಿದ್ದಕ್ಕೆ ಮೊಹರು ಹಾಕಿಸಿದ ನಕಲು ಇಟ್ಟುಕೊಳ್ಳಿ. ಸಬ್ಸಿಡಿ ಕೇಳಿ ಸರ್ಕಾರಕ್ಕೆ ಬರೆಯುವವರು ಬ್ಯಾಂಕಿನವರು. ಅವರು ಬರೆಯದಿದ್ದರೆ ದುಡ್ಡು ತಾನಾಗಿ ಬರೋದಿಲ್ಲ.

ಬಂತೋ ಇಲ್ಲವೋ ತಿಳಿಯುವುದು ಹೇಗೆ? ವರ್ಷಕ್ಕೊಮ್ಮೆ ಸಾಲದ ಖಾತೆಯ ಪಟ್ಟಿ ತೆಗೆಸಿ. ಬಡ್ಡಿ ಹಾಕಿದ ಸಾಲು ಕಾಣುತ್ತದೆ. ಸಬ್ಸಿಡಿ ಜಮಾ ಆದ ಸಾಲೂ ಕಾಣಬೇಕು. ಅದು ತಡವಾಗಿ ಬರುವುದುಂಟು. ಎರಡು ವರ್ಷವಾದರೂ ಕಾಣದಿದ್ದರೆ ಮೊಹರಿನ ನಕಲು ಹಿಡಿದು ಮ್ಯಾನೇಜರರಿಗೆ ಬರೆದು ಕೊಡಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ 14448 ನಂಬರಿಗೆ ಫೋನ್ ಮಾಡಿ, ದೂರು ಕೊಡುವ ದಾರಿ ಕೇಳಿ.